ಡೌಲಿನ ಬೆಲೆ

ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುವರೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ತೊಗರಿಬೇಳೆಯ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಮಧುಗಿರಿಯ ಕಲ್ಯಾಣಮಂಟಪದ ಮುಂದೆ ಬಂದು ನಿಲ್ಲುವ ದೊಡ್ಡ ಕಾರನ್ನು ಕಂಡಾಗ ಪಾಠ ಕೊಂಚ ತಡವರಿಸುತ್ತದೆ.

ನಮ್ಮ ರಾಜ್ಯದಲ್ಲಿ ಕಾರನ್ನು ನೋಂದಾಯಿಸುವಾಗ ಅದರ ಆಯುಷ್ಯಕ್ಕೆಲ್ಲ ಒಂದೇ ಸಲ ತೆರಿಗೆ ಕಟ್ಟಬೇಕು. ಐದು ಲಕ್ಷದೊಳಗಿನ ಕಾರಿಗೆ ಶೇಕಡ ೧೩; ಇಪ್ಪತ್ತು ಲಕ್ಷ ಮೀರಿದುದಕ್ಕೆ ೧೮. ಇಪ್ಪತ್ತೈದು ಲಕ್ಷದ ಕಾರಿಗೆ ನಾಲ್ಕೂವರೆ ಲಕ್ಷ ತೆರಿಗೆ, ಉಪಕರ ಬೇರೆ. ಇಷ್ಟಾದರೂ ಕೊಳ್ಳುವವನು ಹಿಂಜರಿಯನೇಕೆ?

ಪ್ರತಿಷ್ಠೆಗಾಗಿ ಮಾಡುವ ವೆಚ್ಚವನ್ನು ಕುರಿತು ಅಮೆರಿಕದ ವೆಬ್ಲೆನ್ ೧೮೯೯ರಲ್ಲಿಯೇ ಬರೆದಿದ್ದನು. ೧೯೫೦ರಲ್ಲಿ ಲೈಬೆನ್‌ಸ್ಟೀನ್ ಎಂಬ ವಿದ್ವಾಂಸನು ಆ ವಿಚಾರಕ್ಕೆ ಲೆಕ್ಕದ ರೂಪ ಕೊಟ್ಟನು. ಇಂತಹ ವಸ್ತುವಿಗೆ ಎರಡು ಬೆಲೆ ಎಂದನು ಆತ: ಕೊಂಡವನು ನಿಜವಾಗಿ ತೆತ್ತದ್ದು ಒಂದು; ಅವನು ತೆತ್ತಿರಬೇಕೆಂದು ಇತರರು ಭಾವಿಸುವುದು ಇನ್ನೊಂದು. ಎರಡನೆಯದನ್ನು ನಾವು ‘ತೋರಿಕೆ ಬೆಲೆ’ ಎನ್ನೋಣ. ಗೌರವ ತರುವುದು ಅದೇ.

ಶಿರಾದ ಒಬ್ಬ ಶೇಂಗಾ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. “ಎಷ್ಟು ಬಿತ್ತು ಸ್ವಾಮಿ?” ಎಂದು ನೆರೆಯವರು ಕೇಳಿದರೆ ಅವನು ತೆರಿಗೆ, ವಿಮೆ ಎಲ್ಲ ಕೂಡಿಸಿ “ಮೂವತ್ತು ಲಕ್ಷ ಮುಟ್ಟಿತು” ಎನ್ನುತ್ತಾನೆ. ಅಂಗಡಿಯವನು ಗುಟ್ಟಾಗಿ ಬಿಟ್ಟ ಐವತ್ತು ಸಾವಿರದ ಸುದ್ದಿ ಎತ್ತುವುದಿಲ್ಲ! ಊರಿಗೆಲ್ಲ ತಿಳಿದ ತೆರಿಗೆ ನಿಜಬೆಲೆಯೊಡನೆ ತೋರಿಕೆ ಬೆಲೆಯನ್ನೂ ಏರಿಸುತ್ತದೆ. ಒಂದರಿಂದ ತಗ್ಗಿದ ಬೇಡಿಕೆ ಇನ್ನೊಂದರಿಂದ ಮರಳಿ ಬರುತ್ತದೆ. ಕೊರಟಗೆರೆಯಲ್ಲಿರುವ ಅವನ ಬೀಗರೂ ಅಂತಹುದೇ ತೆರಿಗೆ ಕಟ್ಟುವುದರಿಂದ ಯಾರು ಮೇಲು ಯಾರು ಕೆಳಗು ಎಂಬ ಸಾಲೂ ಕದಲುವುದಿಲ್ಲ. ಬೊಕ್ಕಸಕ್ಕೆ ಇದು ಲಾಭವೇ. ಆಡಂಬರ ತಗ್ಗಿಸಲು ಹಾಕಿದ್ದಾದರೆ ಮಾತ್ರ ತೆರಿಗೆ ಸೋತಂತೆ.

ಇದಕ್ಕೂ ಮಿತಿಯುಂಟು. ಕೈಯಲ್ಲಿರುವ ಹಣವೂ ಸಾಲದ ಕಂತೂ ಎಲ್ಲೋ ಮುಗಿಯಲೇಬೇಕು. ಮೆರೆಯಲು ಬೇರೆ ವಸ್ತು ಸಿಕ್ಕರೂ ಬೇಡಿಕೆ ಅತ್ತ ಸರಿಯುತ್ತದೆ. ಅಮೆರಿಕದಲ್ಲಿ ೧೯೯೧ರಿಂದ ಒಂದು ಲಕ್ಷ ಡಾಲರ್ ಮೀರಿದ ವಿಹಾರನೌಕೆಗಳಿಗೆ, ಮೀರಿದ ಮೊತ್ತದ ಮೇಲೆ, ಶೇಕಡ ೧೦ ತೆರಿಗೆ ಹಾಕಿದರು. ಹೊಸ ನೌಕೆಗಳ ಮಾರಾಟ ಕುಸಿಯಿತು. ಅದರಲ್ಲಿ ಆಗಿನ ಆರ್ಥಿಕ ಮುಗ್ಗಟ್ಟಿನ ಪಾಲೂ ಇತ್ತೆನ್ನಿ. ಕೆಲಸ ಕಳೆದುಕೊಂಡವರು ಧನಿಕರಲ್ಲ, ನೌಕೆ ಕಟ್ಟುವ ಬಡಗಿಗಳು. ೧೯೯೩ರಲ್ಲಿ ಆ ತೆರಿಗೆ ರದ್ದಾಯಿತು.

ನಿಜಬೆಲೆಯನ್ನು ಮಾತ್ರ ಇಳಿಸುವ ಜಾಣತನವೂ ಉಂಟು. ಪುದುಚೇರಿಯ ಫಲಕ ಹೊತ್ತು ಬೆಂಗಳೂರಿನಲ್ಲಿ ಓಡುವ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ಹಿಡಿದದ್ದಿದೆ. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದ ಪಾವಗಡದಲ್ಲಿ ಅಂತಹ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ. ಆದರೆ ಮಧುಗಿರಿಯ ‘ಕೆ.ಎ. ೬೪’ ಇರಬೇಕಾದಲ್ಲಿ ಪರರಾಜ್ಯದ ಫಲಕ ಕಂಡರೆ ನೆರೆಯವರು ಸುಮ್ಮನಿರುವರೆ? ಉಳಿಸಿದ ತೆರಿಗೆಯನ್ನು ಕಳೆದೇ ಅವರು ಅವನ ಕಾರಿಗೆ ಬೆಲೆ ಕಟ್ಟುತ್ತಾರೆ.