ಒಂದೇ ಚೀಟಿ, ಎರಡು ಲೆಕ್ಕ

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಸ್ನೇಹಿತರೊಬ್ಬರು ತಮ್ಮ ಕಾರಿನ ಇನ್ಶೂರೆನ್ಸ್ ನವೀಕರಿಸಲು ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದ್ದರು. 1,197 ಸಿಸಿಯ ಪೆಟ್ರೋಲ್ ಕಾರು, ಐಡಿವಿ, ಅಂದರೆ ಕಂಪನಿ ಒಪ್ಪಿದ ಗಾಡಿಯ ಬೆಲೆ, 5 ಲಕ್ಷ. ಓನ್ ಡ್ಯಾಮೇಜ್ ಎದುರಿನ ಮೊತ್ತ ಮೂರರಲ್ಲೂ ಬೇರೆ ಬೇರೆ. ಥರ್ಡ್ ಪಾರ್ಟಿ ಎದುರಿಗೆ ಮಾತ್ರ ಮೂರರಲ್ಲೂ ಅದೇ 3,416 ರೂಪಾಯಿ. "ನಮ್ಮ ಎಪಿಎಂಸಿಯಲ್ಲಿ ಮೂರು ಜನ ಒಂದೇ ರೇಟು ಹಾಕಿದರೆ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಅಂತೀವಿ. ಇದಕ್ಕೇನಂತೀರಿ ಸಾರ್?" ಎಂದು ಕೇಳಿದರು.

ಅವರ ಅನುಮಾನ ಸಹಜವೇ. ಆದರೆ ಇಲ್ಲಿ ರೇಟು ಹಾಕಿದ್ದು ಕಂಪನಿಗಳಲ್ಲ. 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ 3,416 ರೂಪಾಯಿ ಎಂಬುದು 2022ರ ಜೂನ್ 1ರಿಂದ ಜಾರಿಗೆ ಬಂದ ಕೇಂದ್ರದ ಅಧಿಸೂಚನೆಯ ದರ. ಅದಕ್ಕೂ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರವೇ ದರ ಪ್ರಕಟಿಸುತ್ತಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಪ್ರಾಧಿಕಾರದ ಜತೆ ಸಮಾಲೋಚಿಸಿ ರಸ್ತೆ ಸಾರಿಗೆ ಸಚಿವಾಲಯ ಪ್ರಕಟಿಸುವ ಪದ್ಧತಿ ಬಂತು. ಹಿಂದೆ ಎರಡೂ ಭಾಗಗಳ ಬೆಲೆ ಹೀಗೆ ಕಟ್ಟಿಹಾಕಿದ್ದೇ ಆಗಿತ್ತು. 2007ರ ಜನವರಿ 1ರಂದು ಓನ್ ಡ್ಯಾಮೇಜ್ ಭಾಗವನ್ನು ಬಿಚ್ಚಿಬಿಟ್ಟರು, ಥರ್ಡ್ ಪಾರ್ಟಿಯನ್ನು ಬಿಡಲಿಲ್ಲ.

ಏಕೆ ಬಿಡಲಿಲ್ಲ ಎನ್ನುವುದಕ್ಕೆ ದುಡ್ಡು ಕೊಡುವವರು ಯಾರು, ಪರಿಹಾರ ಪಡೆಯುವವರು ಯಾರು ಎಂದು ನೋಡಬೇಕು. ಓನ್ ಡ್ಯಾಮೇಜ್‌ನಲ್ಲಿ ಇಬ್ಬರೂ ಒಬ್ಬರೇ. ನನ್ನ ಸ್ನೇಹಿತರ ಕಾರಿನ ಬಂಪರ್ ಹಾಳಾದರೆ ಗ್ಯಾರೇಜಿಗೆ ಹೋಗುವವರೂ ಅವರೇ, ಕಂಪನಿ ಸತಾಯಿಸಿದರೆ ಮುಂದಿನ ವರ್ಷ ಕಂಪನಿ ಬದಲಿಸುವವರೂ ಅವರೇ. ಥರ್ಡ್ ಪಾರ್ಟಿಯಲ್ಲಿ ಪ್ರೀಮಿಯಂ ಅವರದು, ಪರಿಹಾರ ಮಾತ್ರ ರಸ್ತೆಯಲ್ಲಿ ಎದುರಾದ ಅಪರಿಚಿತರದು. ಆ ಅಪರಿಚಿತರು ಕಂಪನಿಯನ್ನು ಆರಿಸಿಲ್ಲ, ಪಾಲಿಸಿಯನ್ನು ಓದಿಲ್ಲ. ಗಾಡಿಯ ಮಾಲೀಕರಿಗೆ ಬೇಕಾದದ್ದು ಪೊಲೀಸರಿಗೆ ತೋರಿಸಲು ಒಂದು ಕಾಗದ. ಬೆಲೆಯನ್ನು ಮುಕ್ತವಾಗಿ ಬಿಟ್ಟರೆ ಅತಿ ಅಗ್ಗದ ಕಾಗದಕ್ಕೇ ಗಿರಾಕಿ ಹೆಚ್ಚು. ಅದನ್ನು ಮಾರಿದ ಕಂಪನಿಗೆ ನಾಲ್ಕಾರು ವರ್ಷದ ಮೇಲೆ ಪರಿಹಾರ ಕೊಡುವ ಶಕ್ತಿ ಉಳಿದಿರುತ್ತದೆಯೇ ಎಂಬ ಚಿಂತೆ ಕೊಳ್ಳುವವರಿಗೆ ಇರುವುದಿಲ್ಲ.

ಪರಿಹಾರದ ಮೊತ್ತವೂ ಸಣ್ಣದಲ್ಲ. 2022ರ ಅಕ್ಟೋಬರ್ 15ರ ರಾತ್ರಿ ಬಾಣಾವರದ ಬಳಿ ಹಾಲಿನ ಟ್ಯಾಂಕರ್ ಮತ್ತು ಸಾರಿಗೆ ಬಸ್ಸಿನ ನಡುವೆ ಟೆಂಪೋ ಟ್ರಾವೆಲರ್ ಸಿಕ್ಕಿ, ತೀರ್ಥಯಾತ್ರೆಯಿಂದ ಮರಳುತ್ತಿದ್ದ ಒಂಬತ್ತು ಮಂದಿ ತೀರಿಕೊಂಡದ್ದು ಈ ಭಾಗದವರಿಗೆ ನೆನಪಿದೆ. ಆ ಪ್ರಕರಣದ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಅಂಥ ರಸ್ತೆಯಲ್ಲಿ ಒಂದೇ ಒಂದು ಸಾವು ಸಂಭವಿಸಿದರೆ ನ್ಯಾಯಮಂಡಳಿ ಹೇಗೆ ಎಣಿಸುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಸತ್ತವರಿಗೆ 38 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 15,000 ಆದಾಯ, ನಾಲ್ವರು ಅವಲಂಬಿತರು. ನಲವತ್ತರೊಳಗಿನವರಾದ್ದರಿಂದ ಮುಂದಿನ ಗಳಿಕೆಗೆಂದು ಶೇ. 40 ಸೇರಿಸಿದರೆ 21,000. ಅವರ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000 ಆಯಿತು. ಆ ವಯಸ್ಸಿಗೆ ಸುಪ್ರೀಂ ಕೋರ್ಟ್ ಒಪ್ಪಿರುವ ಗುಣಕ 15. ಗುಣಿಸಿದರೆ 28,35,000. ಅಂತ್ಯಕ್ರಿಯೆ ಮುಂತಾದ ಬಾಬತ್ತು, ಬಡ್ಡಿ ಬೇರೆ. ಈ ಒಂದು ಮೊತ್ತಕ್ಕೆ ನನ್ನ ಸ್ನೇಹಿತರಂಥ ಸುಮಾರು 830 ಕಾರು ಮಾಲೀಕರ ವರ್ಷದ ಥರ್ಡ್ ಪಾರ್ಟಿ ಹಣ ಹೋಗುತ್ತದೆ, ಕಂಪನಿಯ ಖರ್ಚು ಎಣಿಸದೆ. ಓನ್ ಡ್ಯಾಮೇಜ್‌ನಲ್ಲಿ ಕಾರು ಪೂರ್ತಿ ಹೋದರೂ ಕಂಪನಿಯ ಹೊಣೆ ಐಡಿವಿಗೆ ನಿಲ್ಲುತ್ತದೆ. ಸಾವು, ಗಾಯದ ಹೊಣೆಗೆ ಅಂಥ ಮೇಲ್ಮಿತಿಯಿಲ್ಲ.

ಇಷ್ಟು ಕೇಳಿ ಸ್ನೇಹಿತರು ಅರ್ಧ ಒಪ್ಪಿದರು. ಉಳಿದರ್ಧ ಒಪ್ಪದಿದ್ದುದಕ್ಕೆ ಅವರ ಬಳಿ ಕಾರಣವಿತ್ತು, ಅದೂ ಗಟ್ಟಿಯಾದದ್ದೇ.

ಮೊದಲು ಓನ್ ಡ್ಯಾಮೇಜ್‌ನ ಲೆಕ್ಕ ನೋಡಿ. ಹಳೆಯ ಮೋಟಾರ್ ಟ್ಯಾರಿಫ್ ಖಾಸಗಿ ಕಾರುಗಳಿಗೆ ದೇಶವನ್ನು ಎರಡು ವಲಯ ಮಾಡಿತ್ತು. ಬೆಂಗಳೂರಿನಂಥ ಎಂಟು ನಗರಗಳು 'ಎ', ಹಾಸನವೂ ಸೇರಿ ಉಳಿದದ್ದೆಲ್ಲ 'ಬಿ'. ಐದು ವರ್ಷ ದಾಟದ ಇಂಥ ಕಾರಿಗೆ ಐಡಿವಿಯ ಮೇಲೆ ಬೆಂಗಳೂರಿನಲ್ಲಿ ಶೇ. 3.283, ಹಾಸನದಲ್ಲಿ ಶೇ. 3.191. ಬೆಲೆ ಮುಕ್ತವಾದ ಮೇಲೂ ಕಂಪನಿಗಳು ಬಹುಕಾಲ ಇದನ್ನೇ ತಳಹದಿ ಮಾಡಿಕೊಂಡು ಅದರ ಮೇಲೆ ರಿಯಾಯಿತಿ ಕೊಡುತ್ತ ಬಂದವು. 5 ಲಕ್ಷಕ್ಕೆ ಹಾಸನದ ಲೆಕ್ಕ 15,955 ರೂಪಾಯಿ. ಒಂದು ಕಂಪನಿ ಶೇ. 50 ಬಿಟ್ಟರೆ ಸುಮಾರು 7,978, ಇನ್ನೊಂದು ಶೇ. 30 ಬಿಟ್ಟರೆ ಸುಮಾರು 11,169. ಕ್ಲೇಮ್ ಮಾಡದೆ ಬಂದವರಿಗೆ ನೋ ಕ್ಲೇಮ್ ಬೋನಸ್ ಶೇ. 20ರಿಂದ ಶುರುವಾಗಿ 50ರವರೆಗೆ ಏರುತ್ತದೆ. ಊರು, ಗಾಡಿಯ ವಯಸ್ಸು, ಹಿಂದಿನ ಕ್ಲೇಮು ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಥರ್ಡ್ ಪಾರ್ಟಿಗೆ ಇದಾವುದೂ ಕಾಣುವುದಿಲ್ಲ. ವಾರಕ್ಕೊಮ್ಮೆ ಹಳೇಬೀಡಿನಿಂದ ಬೇಲೂರಿಗೆ ಹೋಗಿಬರುವ ಮೇಷ್ಟರ ಕಾರಿಗೂ, ದಿನವಿಡೀ ಬೆಂಗಳೂರಿನ ರಿಂಗ್ ರೋಡಿನಲ್ಲಿ ನುಗ್ಗುವ ಅಷ್ಟೇ ಸಿಸಿಯ ಕಾರಿಗೂ 3,416. ಇಪ್ಪತ್ತು ವರ್ಷ ಯಾರಿಗೂ ತಗಲಿಸದವರಿಗೆ ಬೋನಸ್ ಇಲ್ಲ, ಕಳೆದ ವರ್ಷವಷ್ಟೇ ಒಬ್ಬರ ಕಾಲು ಮುರಿದವರಿಗೆ ದಂಡವಿಲ್ಲ. ತೆಂಗಿನಕಾಯಿ ಸಾಗಿಸುವ, ಒಟ್ಟು ತೂಕ 12 ಟನ್ನಿನಿಂದ 20 ಟನ್ನಿನೊಳಗಿನ ಲಾರಿಗೆ ಇದೇ ಅಧಿಸೂಚನೆಯಲ್ಲಿ 35,313 ರೂಪಾಯಿ. 2018ರ ಜುಲೈನಲ್ಲಿ ಲಾರಿಯವರು ದೇಶದಾದ್ಯಂತ ಮುಷ್ಕರ ಹೂಡಿದಾಗ ಡೀಸೆಲ್ ಬೆಲೆಯ ಜತೆಗೆ ಥರ್ಡ್ ಪಾರ್ಟಿ ಪ್ರೀಮಿಯಮ್ಮೂ ಬೇಡಿಕೆಯ ಪಟ್ಟಿಯಲ್ಲಿತ್ತು. ಸರ್ಕಾರ ಕಟ್ಟುವ ಬೆಲೆಯಾದ್ದರಿಂದ ಜಗಳವೂ ಸರ್ಕಾರದ ಜತೆಗೇ.

ಕಟ್ಟಿದ ಬೆಲೆ ಸಾಲದೆ ಹೋದರೆ ಇನ್ನೊಂದು ತೊಂದರೆ. ಕಂಪನಿಗೆ ನಷ್ಟದ ಗಾಡಿ ಬೇಡವಾಗುತ್ತದೆ. ಬೇಡ ಎನ್ನುವಂತಿಲ್ಲ, ಆದ್ದರಿಂದ 'ಸರ್ವರ್ ಡೌನ್, ನಾಳೆ ಬನ್ನಿ' ಎನ್ನುವುದು ಸುಲಭ. ಓನ್ ಡ್ಯಾಮೇಜ್ ಬಿಚ್ಚಿದ ವರ್ಷವೇ, 2007ರ ಏಪ್ರಿಲ್‌ನಲ್ಲಿ, ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ನಷ್ಟವನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳುವ ಒಂದು ಪೂಲ್ ಮಾಡಬೇಕಾಗಿ ಬಂತು. ನಷ್ಟ ವಿಪರೀತ ಬೆಳೆದು 2012ರ ಮಾರ್ಚ್‌ಗೆ ಅದನ್ನು ಮುಚ್ಚಿದರು. ಬೆಲೆ ಕಟ್ಟಿದ ಮಾತ್ರಕ್ಕೆ ಅಪಘಾತಕ್ಕೆ ಒಳಗಾದವರು ಸುರಕ್ಷಿತರಾಗುವುದಿಲ್ಲ, ಬೆಲೆ ಸರಿಯಾಗಿಯೂ ಇರಬೇಕು.

ನನ್ನ ತಕ್ಕಡಿ ಬೆಲೆ ಕಟ್ಟುವ ಕಡೆಗೇ ತುಸು ವಾಲುತ್ತದೆ. ಬೀದಿಯಲ್ಲಿ ನಡೆದುಹೋಗುವವರ ಪರವಾಗಿ ಚೌಕಾಸಿ ಮಾಡಲು ಯಾರೂ ಇಲ್ಲದ ಕಡೆ ಸರ್ಕಾರ ನಿಲ್ಲಲಿ. ಆದರೆ ಒಂದೇ ಬೆಲೆ ಎಂದರೆ ಕಣ್ಣು ಮುಚ್ಚಿದ ಬೆಲೆಯೇ ಆಗಬೇಕೆಂದಿಲ್ಲ. ವಿದ್ಯುತ್ ಕಾರಿಗೆ ಶೇ. 15, ಹೈಬ್ರಿಡ್‌ಗೆ ಶೇ. 7.5 ರಿಯಾಯಿತಿಯನ್ನು ಅದೇ ಅಧಿಸೂಚನೆ ಕೊಡುತ್ತದೆ. ಇಂಧನ ನೋಡಿ ಬೆಲೆ ಇಳಿಸಬಹುದಾದರೆ ಚಾಲಕರ ಹಿಂದಿನ ಅಪಘಾತಗಳನ್ನು ನೋಡಿ ಏರಿಳಿಸುವ ದರಪಟ್ಟಿಯನ್ನೂ ಸರ್ಕಾರವೇ ಪ್ರಕಟಿಸಬಹುದು. ಕಂಪನಿಗಳ ಪೈಪೋಟಿಗೆ ಬಿಡದೆಯೂ ಹಳೇಬೀಡಿನ ಮೇಷ್ಟರಿಗೆ ನ್ಯಾಯ ಸಿಗುವ ದಾರಿ ಅದು.

ಸ್ನೇಹಿತರು ಕೊನೆಗೆ ಮೂರೂ ಕೊಟೇಶನ್ನುಗಳನ್ನು ಪಕ್ಕಪಕ್ಕ ಇಟ್ಟರು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಐಡಿವಿ 5 ಲಕ್ಷದ ಬದಲು 4,20,000 ಇತ್ತು. ಅಲ್ಲಿ ಪ್ರೀಮಿಯಂ ಇಳಿದದ್ದು ರಿಯಾಯಿತಿಯಿಂದಷ್ಟೇ ಅಲ್ಲ, ಕಾರು ಕಳುವಾದರೆ ಸಿಗುವ 80,000 ರೂಪಾಯಿ ಕೈಬಿಟ್ಟದ್ದರಿಂದಲೂ. ಅದನ್ನು ಬದಿಗಿಟ್ಟರು. ಅವರ ತಮ್ಮನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಯಾರೋ 125 ಸಿಸಿ ಬೈಕಿಗೆ "ನಾನೂರಕ್ಕೆ ಇನ್ಶೂರೆನ್ಸ್ ಮಾಡಿಕೊಡ್ತೀನಿ" ಅಂದಿದ್ದರಂತೆ. 75ರಿಂದ 150 ಸಿಸಿವರೆಗಿನ ಬೈಕಿಗೆ ಆ ಅಧಿಸೂಚನೆಯ ಥರ್ಡ್ ಪಾರ್ಟಿ ದರವೇ 714, ತೆರಿಗೆ ಬೇರೆ. ಯಾವ ಕಂಪನಿಯೂ ಅದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. "ಹಾಗಾದರೆ ಅವನು ಕೊಡೋದು ಬರೀ ಪ್ರಿಂಟು" ಎಂದು ಸ್ನೇಹಿತರು ತಮ್ಮನಿಗೆ ಫೋನ್ ಹಚ್ಚಿದರು.