ಗಾಯದ ಪತ್ರದಲ್ಲಿ ಮಚ್ಚಿನ ಹೆಸರೇಕಿಲ್ಲ?

‘ಡಾಕ್ಟ್ರೇ, ಮಚ್ಚಿನಲ್ಲಿ ಹೊಡೆದಿದ್ದಾರೆ, ಹಾಗಂತ ಬರೆದುಬಿಡಿ.’ ಹೊಡೆದಾಟದಲ್ಲಿ ಪೆಟ್ಟು ತಿಂದವರನ್ನು ಕರೆತರುವ ಬಂಧುಗಳು ನಮಗೆ ಹೇಳುವ ಮೊದಲ ಮಾತು ಹೆಚ್ಚಾಗಿ ಇದೇ. ಬರೆಯದಿದ್ದರೆ ವೈದ್ಯ ಎದುರು ಪಕ್ಷದವರಿಂದ ದುಡ್ಡು ತಿಂದಿದ್ದಾನೆ ಎಂಬ ಗುಮಾನಿ. ಹಾಗೆ ಬರೆಯುವುದರಿಂದ ಕೇಸು ಗಟ್ಟಿಯಾಗುವುದಿಲ್ಲ, ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊಲದ ಬದುವಿನ ಜಗಳದಲ್ಲಿ ಪೆಟ್ಟಾದ ಒಬ್ಬರನ್ನು ಒಂದು ಸಂಜೆ ಅವರ ತಮ್ಮ ಕರೆತಂದರು. ತಲೆಯ ಎಡಭಾಗದಲ್ಲಿ ಗೀಟು ಎಳೆದಂತೆ ನೇರವಾದ ಗಾಯ. ದೂರದಿಂದ ನೋಡಿದರೆ ಮಚ್ಚಿನ ಏಟೇ. ರಕ್ತ ನಿಲ್ಲಲೆಂದು ಬಟ್ಟೆಯಿಟ್ಟು ಒತ್ತಿ ಹಿಡಿದು, ಆಮೇಲೆ ಸುತ್ತಲಿನ ಕೂದಲು ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಅಂಚುಗಳು ಜಜ್ಜಿದ್ದವು, ಕೂದಲಿನ ಬುಡಗಳು ನುಜ್ಜಾಗಿದ್ದವು. ಗಾಯದ ಎರಡು ದಡಗಳ ನಡುವೆ, ಒಳಗೆ, ಸಣ್ಣ ಎಳೆಗಳು ಹರಿಯದೆ ಉಳಿದಿದ್ದವು. ಹರಿತವಾದ ಅಲಗು ಎಲ್ಲವನ್ನೂ ಒಂದೇ ಸಮನೆ ಕತ್ತರಿಸುತ್ತದೆ, ಎಳೆಗಳನ್ನು ಉಳಿಸುವುದಿಲ್ಲ. ಅಂದರೆ ಇದು ಕೊಯ್ದ ಗಾಯವಲ್ಲ, ಹರಿದ ಗಾಯ.

ಕಣ್ಣಿಗೆ ಮೋಸವಾಗಲು ಕಾರಣವಿದೆ. ತಲೆ, ಹಣೆ, ಮೊಣಕಾಲಿನ ಕೆಳಗಿನ ಮುಂಭಾಗ ಇಲ್ಲೆಲ್ಲ ಚರ್ಮದ ಕೆಳಗೇ ಮೂಳೆಯಿದೆ. ಮೊಂಡು ವಸ್ತುವಿನ ಏಟು ಬಿದ್ದರೆ ಚರ್ಮ ಮೂಳೆಗೆ ಒತ್ತಿ, ಕೊಯ್ದಂತೆ ನೇರವಾಗಿ ಸೀಳುತ್ತದೆ.

ಪತ್ರದಲ್ಲಿ ನಾನು ಬರೆದದ್ದು ಹೀಗೆ: ‘ತಲೆಯ ಎಡಭಾಗದಲ್ಲಿ, ಕಿವಿಯ ಮೇಲ್ತುದಿಯಿಂದ 6 ಸೆಂ.ಮೀ. ಮೇಲೆ, ಮುಂದಿನಿಂದ ಹಿಂದಕ್ಕೆ ಸಾಗಿದ, 4 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ಅಗಲ, ಮೂಳೆಯವರೆಗೆ ಆಳವಿರುವ ಹರಿದ ಗಾಯ. ಅಂಚುಗಳು ಜಜ್ಜಿವೆ. ಹೊಸ ರಕ್ತ ಒಸರುತ್ತಿದೆ.’ ಇದನ್ನೆಲ್ಲ ಹೊಲಿಗೆ ಹಾಕುವ ಮೊದಲೇ ಅಳೆದು ಬರೆದುಕೊಳ್ಳಬೇಕು. ಹೊಲಿದ ಮೇಲೆ ಅಂಚು, ಆಳ ಯಾವುದೂ ಕಾಣುವುದಿಲ್ಲ.

ಮಚ್ಚಿನ ಮಾತನ್ನು ನಾನು ಬಿಟ್ಟುಬಿಡಲಿಲ್ಲ. ‘ಮಚ್ಚಿನಿಂದ ಹೊಡೆದರೆಂದು ತಮ್ಮ ತಿಳಿಸಿದ್ದಾರೆ’ ಎಂದು, ಯಾರು ಹೇಳಿದರೋ ಅವರ ಹೆಸರಿನಲ್ಲೇ, ಬೇರೆ ಜಾಗದಲ್ಲಿ ಬರೆದೆ. ಕೇಳಿದ್ದು ಒಂದು ಕಡೆ, ಕಂಡದ್ದು ಇನ್ನೊಂದು ಕಡೆ. ಕೊನೆಗೆ ‘ಗಟ್ಟಿಯಾದ ಮೊಂಡು ವಸ್ತುವಿನಿಂದ ಆಗಿರಬಹುದಾದ ಗಾಯ’ ಎಂಬ ಅಭಿಪ್ರಾಯ. ಅದು ದೊಣ್ಣೆಯೋ, ಕಲ್ಲೋ, ಬಿದ್ದಾಗ ತಾಗಿದ ನೆಲವೋ ಎಂಬುದನ್ನು ಗಾಯ ಹೇಳುವುದಿಲ್ಲ. ಹೊಡೆದವರು ಯಾರೆಂದಂತೂ ಹೇಳುವುದೇ ಇಲ್ಲ.

ತಮ್ಮನಿಗೆ ಸಿಟ್ಟು ಬಂತು. ಅಷ್ಟರಲ್ಲಿ ಅಣ್ಣ ಎಡಗೈಯನ್ನು ಎದೆಗವಚಿಕೊಂಡೇ ಕೂತಿದ್ದು ಕಣ್ಣಿಗೆ ಬಿತ್ತು. ತಲೆಯ ರಕ್ತದ ಗಲಾಟೆಯಲ್ಲಿ ಕೈಯನ್ನು ಯಾರೂ ನೋಡಿರಲಿಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕಿರುಬೆರಳಿನ ಕಡೆ, 5 ಸೆಂ.ಮೀ. ಉದ್ದದ ಊತ, ಮುಟ್ಟಿದರೆ ನೋವು. ಏಟು ತಪ್ಪಿಸಲು ಕೈ ಅಡ್ಡ ಕೊಟ್ಟಿರಬೇಕೆಂದು ನನಗೂ ಅನ್ನಿಸಿತು. ಆದರೆ ಅದು ಊಹೆ, ಬರೆಯಲಿಲ್ಲ. ಊತದ ಜಾಗ, ಅಳತೆ ಬರೆದು ‘ಎಕ್ಸ್‌ರೇ ನೋಡಿದ ನಂತರ ಅಭಿಪ್ರಾಯ’ ಎಂದಷ್ಟೇ ಸೇರಿಸಿದೆ.

ತಲೆಯ ಸ್ಕ್ಯಾನ್‌ನಲ್ಲಿ ಬುರುಡೆ ಒಡೆದಿರಲಿಲ್ಲ. ಕೈಯ ಎಕ್ಸ್‌ರೇಯಲ್ಲಿ ಮಾತ್ರ ಮೂಳೆ ಮುರಿದದ್ದು ಸ್ಪಷ್ಟವಾಗಿತ್ತು. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಸ್ವರೂಪದ ಗಾಯ. ಹಳೆಯ ದಂಡ ಸಂಹಿತೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಅಷ್ಟು ರಕ್ತ ಸುರಿಸಿದ ತಲೆಯ ಗಾಯ ಸಾಮಾನ್ಯ ಗಾಯವೆನಿಸಿತು, ಒಂದು ಹನಿ ರಕ್ತ ಬಾರದ ಕೈ ತೀವ್ರವೆನಿಸಿತು.

ನಾನೂ ಹೊಸದರಲ್ಲಿ ಬಂಧುಗಳ ಮಾತು ನಂಬಿ ‘ಕುಡುಗೋಲಿನಿಂದಾದ ಗಾಯ’ ಎಂದು ಬರೆದವನೇ. ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ಶಾಂತವಾಗಿ ‘ತಾವು ಕುಡುಗೋಲು ನೋಡಿದ್ದೀರಾ?’ ಎಂದರು. ಇಲ್ಲವೆಂದೆ. ‘ಅಂಚು ಹೇಗಿತ್ತು?’ ಎಂದರು. ಬರೆದುಕೊಂಡಿರಲಿಲ್ಲ. ಆಮೇಲೆ ಆ ಪತ್ರದಲ್ಲಿದ್ದ ನಿಜವಾದ ಅಳತೆಗಳಿಗೂ ಬೆಲೆ ಉಳಿಯಲಿಲ್ಲ. ನಷ್ಟವಾದದ್ದು ಪೆಟ್ಟು ತಿಂದವನಿಗೆ.

ಆದ್ದರಿಂದ ನಿಮ್ಮವರನ್ನು ಹೀಗೆ ಕರೆತರುವ ಪ್ರಸಂಗ ಬಂದರೆ ಆಯುಧದ ಹೆಸರಿಗಾಗಿ ವೈದ್ಯರೊಡನೆ ವಾದಿಸಬೇಡಿ. ಅದನ್ನು ಪೊಲೀಸರಿಗೆ ಕೊಡುವ ಹೇಳಿಕೆಯಲ್ಲಿ ಹೇಳಿ. ವೈದ್ಯರಿಗೆ ನೋವಿರುವ ಜಾಗಗಳನ್ನೆಲ್ಲ ತೋರಿಸಿ, ರಕ್ತ ಬಾರದವನ್ನೂ ಸೇರಿಸಿ. ಗಾಯಕ್ಕೆ ಅರಿಸಿನ, ಕಾಫಿಪುಡಿ ಮೆತ್ತಿ ತಂದರೆ ಅಂಚುಗಳೇ ಕಾಣುವುದಿಲ್ಲ. ಶುದ್ಧ ಬಟ್ಟೆಯಿಟ್ಟು ಒತ್ತಿ ಹಿಡಿದು ಬನ್ನಿ. ರಕ್ತವಾದ ಅಂಗಿಯನ್ನು ಒಗೆಯಬೇಡಿ, ಪೊಲೀಸರಿಗೆ ಅದು ಬೇಕಾಗುತ್ತದೆ.