ಕೋರಸ್ ಹಾಡುವವರು ಯಾರು?

ಪವರ್ ಮೆಟಲ್ ಅಂದರೆ ಕತ್ತಿ, ಡ್ರ್ಯಾಗನ್, ಕಿರುಚಾಟ. ವಾಸ್ತವದಿಂದ ತಪ್ಪಿಸಿಕೊಂಡು ಓಡುವ ಹುಡುಗರ ಸಂಗೀತ. ಸಾಹಿತ್ಯ ಬಲ್ಲವರು ಈ ತೀರ್ಪು ಕೊಡುವ ಕ್ರಮ ನನಗೆ ಚೆನ್ನಾಗಿ ಗೊತ್ತು. ಹಾಡಿನ ಸಾಲುಗಳನ್ನು ಫೋನಿನಲ್ಲಿ ತೆರೆದು, ಕವಿತೆಯಂತೆ ಮೌನವಾಗಿ ಓದಿ, ಮೂಗು ಮುರಿಯುತ್ತಾರೆ. ಹಾಡನ್ನು ಕೇಳುವುದು ಮಾತ್ರ ಉಳಿದುಹೋಗಿರುತ್ತದೆ.

ಜರ್ಮನಿಯ ಬ್ಲೈಂಡ್ ಗಾರ್ಡಿಯನ್ ತಂಡ 1998ರಲ್ಲಿ ತಂದ 'ನೈಟ್‌ಫಾಲ್ ಇನ್ ಮಿಡಲ್-ಅರ್ತ್' ಆಲ್ಬಂ ನೋಡಿ. ಆಧಾರ ಟೋಲ್ಕಿನ್‌ನ 'ಸಿಲ್ಮರಿಲಿಯನ್'. ಅದರಲ್ಲಿ 'ಟೈಮ್ ಸ್ಟ್ಯಾಂಡ್ಸ್ ಸ್ಟಿಲ್' ಎಂಬ ಹಾಡಿದೆ. ಕಥೆ ಇಷ್ಟು: ಯುದ್ಧದಲ್ಲಿ ತನ್ನವರು ನುಚ್ಚುನೂರಾದುದನ್ನು ಕಂಡ ಎಲ್ಫ್ ದೊರೆ ಫಿಂಗೋಲ್ಫಿನ್ ಒಬ್ಬನೇ ಕುದುರೆಯೇರಿ ಮಾರ್ಗಾತ್‌ನ ಕೋಟೆ ಬಾಗಿಲಿಗೆ ಹೋಗಿ ಅವನನ್ನು ದ್ವಂದ್ವಕ್ಕೆ ಕರೆಯುತ್ತಾನೆ. ಏಳು ಬಾರಿ ಗಾಯಗೊಳಿಸುತ್ತಾನೆ. ಗೆಲ್ಲುವುದಿಲ್ಲ, ಸಾಯುತ್ತಾನೆ. ಮಾರ್ಗಾತ್ ಮಾತ್ರ ಆಮೇಲೆ ಕುಂಟುತ್ತಲೇ ಇರುತ್ತಾನೆ.

ಹಾಡಿನ ಚರಣಗಳಲ್ಲಿ ಮಾತಾಡುವವನು ದೊರೆಯೇ. ಹಾನ್ಸಿ ಕ್ಯೂರ್ಶ್‌ನ ಕಂಠ ಅಲ್ಲಿ ಒಂಟಿ, ಒರಟು. ಈ ಸೋತವರ ರಾಜನಾಗಿ ನಾನೇನು ಪಡೆದೆ ಎಂಬ ಕಹಿ ಅದರಲ್ಲಿದೆ. ಕೋರಸ್ ಬಂದಾಗ 'ನಾನು' ಮಾಯವಾಗಿ, ಹಲವು ಪದರಗಳ ಕಂಠಗಳು ಒಟ್ಟಾಗಿ ಮೇಲೇರುತ್ತವೆ. ಈಗ ಹಾಡುತ್ತಿರುವುದು ಪ್ರಜೆಗಳು. ದೊರೆ ಮುಗ್ಗರಿಸಿ ಬೀಳುವುದನ್ನು ಹೇಳುತ್ತಲೇ ಅವನನ್ನು ಹೊಗಳುತ್ತಾರೆ. ಎಲ್ಲರೂ ವಿಜಯಘೋಷ ಅಂದುಕೊಳ್ಳುವ ಆ ಎತ್ತರದ ಸ್ವರ ಇಲ್ಲಿ ಶೋಕಗೀತೆ. ಕಾಗದದ ಮೇಲೆ ಇದು ಸರ್ವನಾಮವೊಂದು ಬದಲಾದದ್ದಷ್ಟೆ. ಕಿವಿಗೆ, ಸತ್ತವನ ಒಂಟಿತನವನ್ನು ಒಂದು ಗುಂಪು ತನ್ನ ಹೆಮ್ಮೆಯಾಗಿ ಮಾಡಿಕೊಳ್ಳುವ ಕ್ಷಣ. ಅವನಿಗೆ ಬೇಕಿದ್ದದ್ದು ಇದೇನಾ ಎಂಬ ಪ್ರಶ್ನೆಯನ್ನು ಹಾಡು ಹಾಗೇ ಬಿಟ್ಟುಬಿಡುತ್ತದೆ.

ವೇಗವೂ ಸುಮ್ಮನೆ ಪ್ರದರ್ಶನಕ್ಕಲ್ಲ. ಎರಡೂ ಕಾಲುಗಳಿಂದ ಬಾರಿಸುವ ಬೇಸ್ ಡ್ರಮ್ ದೊರೆಗೆ ಯೋಚಿಸಲು ಬಿಡುವು ಕೊಡುವುದಿಲ್ಲ. ಆಂದ್ರೆ ಓಲ್ಬ್ರಿಶ್‌ನ ಗಿಟಾರ್ ರಾಗ ಕಂಠದ ಪಕ್ಕದಲ್ಲೇ ಇನ್ನೊಂದು ಕಂಠದಂತೆ ಓಡುತ್ತದೆ. ಇದನ್ನೇ ನಿಧಾನವಾಗಿ ಹಾಡಿದ್ದರೆ ಯೋಚಿಸಿ ಕೈಗೊಂಡ ತ್ಯಾಗದಂತೆ ಕೇಳುತ್ತಿತ್ತು. ಫಿಂಗೋಲ್ಫಿನ್‌ನದು ತ್ಯಾಗವಲ್ಲ, ಹತಾಶೆಯ ಸಿಟ್ಟು.

ಹಾಗಂತ ಈ ಪ್ರಕಾರವನ್ನೆಲ್ಲ ಸಮರ್ಥಿಸಲು ನಾನು ಹೊರಟಿಲ್ಲ. ಅದೇ 1998ರಲ್ಲಿ ಇಟಲಿಯ ರ‍್ಯಾಪ್ಸಡಿ ತಂಡದ 'ಎಮರಾಲ್ಡ್ ಸ್ವೋರ್ಡ್' ಬಂತು. ಅಲ್ಲೂ ಇದೇ ವೇಗ, ಇದೇ ವೃಂದಗಾನ, ಮೇಲೆ ಆರ್ಕೆಸ್ಟ್ರಾದ ಸಿಂಗಾರ. ಕೇಳಲು ಮಜವಾಗಿಯೇ ಇದೆ (ನಾನೂ ಗುನುಗುತ್ತೇನೆ). ಆದರೆ ನಾಯಕ ಬಯಸಿದ್ದನ್ನೇ ಕೋರಸ್ಸೂ ಬಯಸುತ್ತದೆ. ಇಬ್ಬರ ನಡುವೆ ಕೂದಲೆಳೆಯಷ್ಟೂ ಅಂತರವಿಲ್ಲ. ಹಾಗಾಗಿ ಪಚ್ಚೆಯ ಖಡ್ಗ ಸಿಕ್ಕರೂ ಸಿಗದಿದ್ದರೂ ಕೇಳುಗನಿಗೆ ಏನೂ ಕಳೆದುಹೋಗುವುದಿಲ್ಲ. ಪೊಳ್ಳು ಎಂಬ ಆರೋಪ ಇಲ್ಲಿ ನಿಲ್ಲುತ್ತದೆ, ಒಪ್ಪುತ್ತೇನೆ. ಆದರೆ ಡ್ರ್ಯಾಗನ್ ಎಣಿಸುತ್ತ ಕೂತವರಿಗೆ ಈ ಎರಡು ಹಾಡುಗಳೂ ಒಂದೇ ಥರ ಕಾಣುತ್ತವೆ.